ಬಿಲ್ಲಿನ ಗಡುವು ಮುಂದೂಡಲು ಕೇಳುವುದು: ಕಾಫಿ ಪುಡಿ ಘಟಕವೊಂದರ ಲೆಕ್ಕ

ಚಿಕ್ಕಮಗಳೂರಿನಲ್ಲಿ ಬೀಜ ಹುರಿದು ಪುಡಿ ಮಾಡಿ ಮಾರುವ ಒಂದು ಸಣ್ಣ ಘಟಕವಿದೆ ಎಂದಿಟ್ಟುಕೊಳ್ಳೋಣ. ಅಂಕಿಗಳು ಅಭ್ಯಾಸಕ್ಕಾಗಿ ಹಾಕಿಕೊಂಡವು, ಆದರೆ ಪರಿಸ್ಥಿತಿ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಕೊಯ್ಲು ನಡೆಯುತ್ತಿರುವುದರಿಂದ ಬೆಳೆಗಾರರಿಂದ ಪಾರ್ಚ್‌ಮೆಂಟ್, ಚೆರ್ರಿ ಕೊಳ್ಳಲು ಕೈಯಲ್ಲಿ ಹಣವಿರಬೇಕು. ಪುಡಿ ಕೊಂಡ ಹೋಟೆಲಿನವರು, ಅಂಗಡಿಯವರು ಮಾತ್ರ ಒಂದೂವರೆ, ಎರಡು ತಿಂಗಳು ಬಿಟ್ಟು ಕೊಡುತ್ತಾರೆ. ಈ ಎರಡರ ನಡುವೆ, ಪುಡಿ ತುಂಬುವ ಪೌಚ್‌ಗಳನ್ನು ಕೊಟ್ಟ ಹಾಸನದ ತಯಾರಕರ ಬಿಲ್ಲು ಬಂದು ನಿಂತಿದೆ.

ಬಿಲ್ಲಿನ ಮೊತ್ತ 4,72,000 ರೂಪಾಯಿ. ಇದರಲ್ಲಿ ಸರಕಿನ ಬೆಲೆ 4,00,000, ಶೇಕಡಾ 18ರ ಜಿಎಸ್‌ಟಿ 72,000. ಸರಕು ಜನವರಿ 6ರಂದು ಕೈಸೇರಿದೆ, ಖರೀದಿ ಆದೇಶದಲ್ಲಿ 30 ದಿನ ಎಂದು ಬರೆದಿರುವುದರಿಂದ ಗಡುವು ಫೆಬ್ರವರಿ 5. ಘಟಕದ ಮಾಲೀಕರು ಮೊದಲು ಯೋಚಿಸಿದ್ದು ಎಲ್ಲರೂ ಯೋಚಿಸುವಂತೆಯೇ: ಫೋನು ಮಾಡಿ ಇನ್ನೊಂದು ತಿಂಗಳು ಸಮಯ ಕೇಳಿಬಿಡುವುದು. ಈ ಕೋರಿಕೆಯಲ್ಲಿ ಎರಡು ತೊಡಕುಗಳಿವೆ. ಒಂದು ಕಾನೂನಿನದು, ಇನ್ನೊಂದು ಎದುರಿನವರ ಜೇಬಿನದು.

ಕಾನೂನಿನದನ್ನು ಮೊದಲು ನೋಡೋಣ. ಸರಕು ಕೊಟ್ಟವರು ಉದ್ಯಮ್ ನೋಂದಣಿಯಲ್ಲಿ ಸೂಕ್ಷ್ಮ ಅಥವಾ ಸಣ್ಣ ವರ್ಗದ ತಯಾರಕರಾಗಿದ್ದರೆ, ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿಗೆಂದು ಬಂದ 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ ಸರಕನ್ನು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ ಅದು 15 ದಿನಕ್ಕೆ ಇಳಿಯುತ್ತದೆ. ಬಾಯಿಮಾತಿನಲ್ಲಿ "ತಿಂಗಳಿಗೆ ಕೊಡೋಣ" ಎಂದು ನಡೆದುಕೊಂಡು ಬಂದ ವ್ಯವಹಾರಗಳಲ್ಲಿ ಇದನ್ನು ಗಮನಿಸಿದವರು ಕಡಿಮೆ. ಗಡುವು ಮೀರಿದ ಮೊತ್ತಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ಬೀಳುತ್ತದೆ. ಎದುರಿನವರು ಸ್ನೇಹದಿಂದ "ಆಗಲಿ" ಎಂದು 60 ದಿನಕ್ಕೆ ಬರೆದುಕೊಟ್ಟರೂ 45ರ ಮಿತಿ ಹಾಗೇ ಉಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಆ 45ನೇ ದಿನ ಫೆಬ್ರವರಿ 20. ಸರಕು ತಯಾರಿಸದೆ ಕೊಂಡು ಮಾರುವ ವ್ಯಾಪಾರಿಗಳಿಗೆ ಮತ್ತು ಮಧ್ಯಮ ವರ್ಗದ ಉದ್ಯಮಗಳಿಗೆ ಈ ನಿಯಮ ಸಾಮಾನ್ಯವಾಗಿ ಅನ್ವಯಿಸುವುದಿಲ್ಲವಾದ್ದರಿಂದ, ಎದುರಿನವರ ಉದ್ಯಮ್ ಪ್ರಮಾಣಪತ್ರ ನೋಡಿಯೇ ಮಾತು ಶುರು ಮಾಡಬೇಕು.

ಇನ್ನು ಜೇಬಿನ ವಿಚಾರ. ಜನವರಿಯ ಬಿಲ್ಲಿಗೆ ಪೌಚ್ ತಯಾರಕರು, ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಾದರೆ, ಫೆಬ್ರವರಿ 20ರೊಳಗೆ 72,000 ರೂಪಾಯಿ ತೆರಿಗೆಯ ಲೆಕ್ಕ ತೀರಿಸಬೇಕು. ನಾವು ಹಣ ಕೊಟ್ಟಿದ್ದೇವೋ ಇಲ್ಲವೋ ಎಂದು ಆ ಗಡುವು ಕಾಯುವುದಿಲ್ಲ. ಪೂರ್ತಿ ಬಿಲ್ಲು ಮುಂದೂಡಿದರೆ ಅವರು ನಮ್ಮ ಪರವಾಗಿ ಸರ್ಕಾರಕ್ಕೆ ಕೈಯಿಂದ ಕಟ್ಟಿದಂತಾಗುತ್ತದೆ. ಅವರಿಗೆ ಹೆಚ್ಚು ಉರಿಯುವುದು ಇಲ್ಲಿಯೇ ಎಂಬುದು ನನ್ನ ಅನಿಸಿಕೆ. ಹಾಗಾಗಿ ಮೊದಲ ಕಂತಿನಲ್ಲಿ ಜಿಎಸ್‌ಟಿ ಮೊತ್ತವಾದರೂ ಸೇರಿರಬೇಕು.

ಈಗ ಯೋಜನೆ. ಘಟಕಕ್ಕೆ ಫೆಬ್ರವರಿ 12ಕ್ಕೆ ಒಬ್ಬ ವಿತರಕರಿಂದ 1,80,000, ಫೆಬ್ರವರಿ 25ಕ್ಕೆ ಬೆಂಗಳೂರಿನ ಅಂಗಡಿಯೊಂದರಿಂದ 2,40,000 ಬರಬೇಕಿದೆ. ಬರುವ ದಿನವನ್ನೇ ಕೊಡುವ ದಿನ ಮಾಡಿಕೊಂಡರೆ, ಅವರು ಸ್ವಲ್ಪ ತಡ ಮಾಡಿದರೂ ನಾವು ಎರಡನೆಯ ಸಲ ಕೊಟ್ಟ ಮಾತೂ ತಪ್ಪುತ್ತದೆ, ಬರುವ ಮೊತ್ತವಷ್ಟನ್ನೂ ಕೊಡುತ್ತೇನೆಂದರೆ ಬೆಳೆಗಾರರಿಗೆ ಕೊಡಲು ಏನೂ ಉಳಿಯುವುದಿಲ್ಲ. ಆದ್ದರಿಂದ ಕಂತುಗಳನ್ನು ಹೀಗೆ ಹಾಕಿಕೊಳ್ಳಬಹುದು: ಮೂಲ ಗಡುವಾದ ಫೆಬ್ರವರಿ 5ರಂದೇ 1,22,000, ಫೆಬ್ರವರಿ 16ರಂದು 1,50,000, ಮಾರ್ಚ್ 5ರಂದು ಉಳಿದ 2,00,000. ಕೊನೆಯ ಎರಡು ಲಕ್ಷ 45 ದಿನ ಮೀರುವುದರಿಂದ ಆ 13 ದಿನಗಳ ಬಡ್ಡಿಯನ್ನು ನಾವಾಗಿಯೇ ಸೇರಿಸಬೇಕು. ಬ್ಯಾಂಕ್ ದರ ಶೇಕಡಾ 5.5 ಎಂದು ಹಿಡಿದರೆ ಬಡ್ಡಿ ಶೇಕಡಾ 16.5, ಅಂದರೆ ಸುಮಾರು 1,175 ರೂಪಾಯಿ. ಬ್ಯಾಂಕಿನ ಓವರ್‌ಡ್ರಾಫ್ಟ್ ಇದಕ್ಕಿಂತ ಅಗ್ಗವಾಗಿ ಸಿಗುವಂತಿದ್ದರೆ ಈ ಎರಡು ಲಕ್ಷವನ್ನು ಅಲ್ಲಿಂದ ತೆಗೆದು ಫೆಬ್ರವರಿ 20ರೊಳಗೆ ತೀರಿಸುವುದೇ ಲೇಸು, ಏಕೆಂದರೆ ಈ ಕಾಯ್ದೆಯಡಿ ಕೊಟ್ಟ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲಾಗದು.

ಮಾರ್ಚ್ 31 ಇನ್ನೊಂದು ಗೆರೆ. 2023ರ ಹಣಕಾಸು ಕಾಯ್ದೆ ತಂದ ತಿದ್ದುಪಡಿಯಂತೆ, ಇಂಥ ಪೂರೈಕೆದಾರರಿಗೆ ಗಡುವು ಮೀರಿ ಕೊಟ್ಟ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ಕಳೆಯಬಹುದು. ಮಾರ್ಚ್ 5ಕ್ಕೆ ಕೊಟ್ಟರೆ ತೊಂದರೆಯಿಲ್ಲ. ಅದೇ ಏಪ್ರಿಲ್‌ಗೆ ಜಾರಿದರೆ ಈ ವರ್ಷದ ಲಾಭ ಅಷ್ಟು ಹೆಚ್ಚಿದಂತೆ ತೋರಿ ಅದರ ಮೇಲೆ ತೆರಿಗೆ ಕಟ್ಟಬೇಕಾಗುತ್ತದೆ.

ಫೋನು ಮಾಡುವುದು ಗಡುವಿಗೆ ಒಂದು ವಾರ ಮೊದಲು, ಅವರು ನೆನಪಿಸುವುದಕ್ಕೆ ಮುಂಚೆ. ಅದು ಹೀಗಿರಬಹುದು: "ಸಾರ್, ಐದನೇ ತಾರೀಕಿನ ಬಿಲ್ಲು ಪೂರ್ತಿ ಕೊಡೋಕೆ ನನ್ನ ಕೈಲಿ ಆಗ್ತಿಲ್ಲ. ಅವತ್ತು ಜಿಎಸ್‌ಟಿ ಸೇರಿಸಿ ಒಂದು ಲಕ್ಷದ ಇಪ್ಪತ್ತೆರಡು ಸಾವಿರ ಹಾಕ್ತೀನಿ. ಉಳಿದದ್ದಕ್ಕೆ ಎರಡು ತಾರೀಕು ಬರೆದು ಕಳಿಸ್ತೀನಿ, ನೋಡಿ ಹೇಳಿ." ಬೆಳೆಯ ಕಷ್ಟ, ಮಳೆಯ ಕಥೆ ಇಲ್ಲಿ ಬೇಡ. ಆಮೇಲೆ ಪತ್ರ:

"ಜನವರಿ 6ರಂದು ತಲುಪಿದ ಸರಕಿನ ಬಿಲ್ಲಿನ ಮೊತ್ತ, ಗುಣಮಟ್ಟ ಯಾವುದರ ಬಗ್ಗೆಯೂ ನಮ್ಮ ತಕರಾರಿಲ್ಲ. ನಮ್ಮ ಗ್ರಾಹಕರ ಬಾಕಿ ತಡವಾಗಿರುವುದರಿಂದ ಈ ಒಂದು ಬಿಲ್ಲಿಗೆ ಮಾತ್ರ ಮೂರು ಕಂತುಗಳ ಅವಕಾಶ ಕೋರುತ್ತೇವೆ. ಫೆಬ್ರವರಿ 20ರ ನಂತರ ಉಳಿಯುವ ಮೊತ್ತಕ್ಕೆ ಕಾಯ್ದೆಯಂತೆ ಬಡ್ಡಿ ಸೇರಿಸಿ ಕೊಡುತ್ತೇವೆ. ಈ ಬಾಕಿ ತೀರುವವರೆಗೆ ಹೊಸ ಆದೇಶಗಳಿಗೆ ಮುಂಗಡ ಹಣ ಕೊಡುತ್ತೇವೆ."

"ಈ ಒಂದು ಬಿಲ್ಲಿಗೆ ಮಾತ್ರ" ಎಂಬುದೂ ಕೊನೆಯ ವಾಕ್ಯವೂ ಸಂಬಂಧ ಉಳಿಸುವ ಭಾಗಗಳು. ಪೌಚಿನ ಮೇಲೆ ನಮ್ಮ ಹೆಸರು ಅಚ್ಚಾಗುವ ಸಿಲಿಂಡರ್‌ಗಳು ಸಾಮಾನ್ಯವಾಗಿ ತಯಾರಕರಲ್ಲೇ ಇರುತ್ತವೆ. ಅವರೊಡನೆ ಕೆಡಿಸಿಕೊಂಡು ಬೇರೆಯವರಲ್ಲಿಗೆ ಹೋದರೆ ಹೊಸ ಸಿಲಿಂಡರ್ ಮಾಡಿಸುವ ಖರ್ಚು ಮೈಮೇಲೆ ಬರುತ್ತದೆ. ಬಾಕಿ ಇಟ್ಟುಕೊಂಡೇ ದೊಡ್ಡ ಆದೇಶದ ಆಸೆ ತೋರಿಸುವ ಚಾಳಿ ನಮ್ಮಲ್ಲಿದೆ, ಆದರೆ ಸಾಲದಲ್ಲಿ ಹೋಗುವ ದೊಡ್ಡ ಆದೇಶ ಅವರ ಹಣವನ್ನು ಇನ್ನಷ್ಟು ಕಟ್ಟಿಹಾಕುತ್ತದೆಯೇ ಹೊರತು ಸಮಾಧಾನ ತರುವುದಿಲ್ಲ.

ಅವರು ಮುಂದಿನ ತಾರೀಕಿನ ಚೆಕ್ಕು ಕೇಳಿದರೆ ಎಚ್ಚರ ಬೇಕು. ಫೆಬ್ರವರಿ 16ಕ್ಕೆ ಕೊಡಬಹುದು, ವಿತರಕರು ತಪ್ಪಿದರೂ ಆ ಮೊತ್ತ ಬೇರೆಡೆಯಿಂದ ಹೊಂದುವಂತಿದ್ದರೆ ಮಾತ್ರ. ಮಾರ್ಚ್ 5ರದು ಒಂದೇ ಅಂಗಡಿಯ ಪಾವತಿಯನ್ನು ನಂಬಿಕೊಂಡಿರುವುದರಿಂದ ಚೆಕ್ಕು ಬೇಡ ಎಂದು ಆಗಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹಣವಿಲ್ಲದೆ ಚೆಕ್ಕು ವಾಪಸಾದರೆ ವಿಷಯ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಮೊಕದ್ದಮೆಯವರೆಗೆ ಹೋಗಬಹುದು.

ಅವರು ಒಪ್ಪಿದ್ದಾರೋ ಸಹಿಸಿಕೊಂಡಿದ್ದಾರೋ ಎಂಬುದು ಮಾತಿಗಿಂತ ನಡೆಯಲ್ಲಿ ಕಾಣುತ್ತದೆ. ಪತ್ರಕ್ಕೆ "ಸರಿ" ಎಂದು ಬರೆದು ಕಳಿಸಿದರೆ ಒಪ್ಪಿಗೆ. "ನೋಡೋಣ ಬಿಡಿ" ಎಂದು ಹೇಳಿ, ಮುಂಗಡ ಕೊಟ್ಟ ಆದೇಶವನ್ನೂ ಸಾಲಿನ ಕೊನೆಗೆ ತಳ್ಳಿದರೆ ಕಂತುಗಳು ಅವರಿಗೆ ಹೊಂದಿಲ್ಲವೆಂದೇ ಅರ್ಥ. ಆಗ ಹಾಸನಕ್ಕೆ ಹೋಗಿ ಎದುರು ಕುಳಿತು, ಯಾವ ತಾರೀಕಿಗೆ ಎಷ್ಟು ಬೇಕೆಂದು ಅವರಿಂದಲೇ ಕೇಳಬೇಕು. ಬೆಂಗಳೂರಿನ ಅಂಗಡಿಯ ಹಣ ಫೆಬ್ರವರಿ 25ಕ್ಕೆ ಬಾರದಿದ್ದರೆ, ಮಾರ್ಚ್ 5ರವರೆಗೆ ಕಾಯದೆ 26ರ ಬೆಳಿಗ್ಗೆಯೇ ಅವರಿಗೆ ತಿಳಿಸಿ, ಅಂದು ಕೈಲಿರುವಷ್ಟನ್ನು, ಐವತ್ತು ಸಾವಿರವೇ ಆಗಲಿ, ಖಾತೆಗೆ ಹಾಕಬೇಕು.