ಕಾಯುವ ಸಮಯ: ಉತ್ತರ ಬಂದ ಮೇಲಿನ ಮೌನ

ಶಿಕ್ಷಕರ ತರಬೇತಿಯಲ್ಲಿ ‘ಕಾಯುವ ಸಮಯ’ ಅಥವಾ ‘ವೇಟ್ ಟೈಮ್’ ಎಂಬ ಮಾತು ಬಂದರೆ ಸಾಮಾನ್ಯವಾಗಿ ಒಂದೇ ಸಾಲಿನ ಅರ್ಥ ಸಿಗುತ್ತದೆ: ಪ್ರಶ್ನೆ ಕೇಳಿದ ಮೇಲೆ ಮಕ್ಕಳಿಗೆ ಯೋಚಿಸಲು ಕೊಡುವ ಬಿಡುವು. ತಪ್ಪೇನಿಲ್ಲ, ಆದರೆ ಅದು ಅರ್ಧ ಅರ್ಥ. ಈ ಪದವನ್ನು ಬಳಕೆಗೆ ತಂದ ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎರಡು ಬಿಡುವುಗಳನ್ನು ಬೇರೆ ಬೇರೆಯಾಗಿ ಅಳೆದಿದ್ದರು. ಶಿಕ್ಷಕರ ಪ್ರಶ್ನೆ ಮುಗಿದು ಯಾರಾದರೂ ಬಾಯಿ ತೆರೆಯುವವರೆಗಿನದು ಮೊದಲನೆಯದು. ಮಗು ಮಾತು ನಿಲ್ಲಿಸಿದ ಮೇಲೆ ಶಿಕ್ಷಕರು ಮತ್ತೆ ಮಾತು ಶುರು ಮಾಡುವವರೆಗಿನದು ಎರಡನೆಯದು. ತರಬೇತಿಯಲ್ಲಿ ಮರೆತುಹೋಗುವುದು ಈ ಎರಡನೆಯದೇ. ತರಗತಿಯಲ್ಲಿ ಹೆಚ್ಚು ಕೆಲಸ ಮಾಡುವುದೂ ಇದೇ.

ಪ್ರಾಥಮಿಕ ಶಾಲೆಗಳ ವಿಜ್ಞಾನ ಪಾಠಗಳನ್ನು ನೂರಾರು ಧ್ವನಿಸುರುಳಿಗಳಲ್ಲಿ ಮುದ್ರಿಸಿಕೊಂಡು, ಮಾತು ಮತ್ತು ಮೌನವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಯಂತ್ರದಿಂದ ರೋ ಅವುಗಳನ್ನು ಅಳೆದರು. 1974ರಲ್ಲಿ ಪ್ರಕಟವಾದ ಫಲಿತಾಂಶ ಇಷ್ಟು: ಪ್ರಶ್ನೆಯ ನಂತರ ಶಿಕ್ಷಕರು ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡು. ಉತ್ತರದ ನಂತರ ಅದಕ್ಕೂ ಕಡಿಮೆ, ಸುಮಾರು 0.9 ಸೆಕೆಂಡು. ಕಾಯುವುದನ್ನು ಮೂರು ಸೆಕೆಂಡಿಗೆ ಏರಿಸಿದ ತರಗತಿಗಳಲ್ಲಿ ಮಕ್ಕಳ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ಕರೆಯದೆಯೇ ಮಾತಾಡುವವರು ಹೆಚ್ಚಿದರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು.

ಮೂರು ಸೆಕೆಂಡಿನಲ್ಲಿ ಅಂಥದ್ದೇನಿದೆ? ಮಕ್ಕಳು ವಿವರಣೆ ಕೊಡುವಾಗ ಅದು ಒಂದೇ ಉಸಿರಿನಲ್ಲಿ ಹೊರಬರುವುದಿಲ್ಲ ಎಂಬುದನ್ನು ರೋ ಗಮನಿಸಿದ್ದರು. ಒಂದು ತುಣುಕು ಬರುತ್ತದೆ, ಮೂರರಿಂದ ಐದು ಸೆಕೆಂಡು ಸುಮ್ಮನಾಗಿ ಇನ್ನೊಂದು ತುಣುಕು ಬರುತ್ತದೆ. ಶಿಕ್ಷಕರು ಒಂದು ಸೆಕೆಂಡಿಗೆಲ್ಲ ಬಾಯಿ ಹಾಕಿದರೆ ಎರಡನೆಯ ತುಣುಕು ಹುಟ್ಟುವ ಮೊದಲೇ ಸಾಯುತ್ತದೆ. ನಾವು ಕೇಳಿಸಿಕೊಂಡದ್ದು ಮಗುವಿನ ಉತ್ತರವಲ್ಲ, ಉತ್ತರದ ಮೊದಲ ತುಣುಕು ಮಾತ್ರ.

ಇದನ್ನು ಓದಿ ನಾನು ಆರನೇ ತರಗತಿಯ ನನ್ನ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಮೇಜಿನ ಮೇಲೆ ಐಸ್ ಹಾಕಿದ ನೀರಿನ ಸ್ಟೀಲ್ ಲೋಟ, ಅದರ ಹೊರಮೈ ತುಂಬ ಹನಿ.

‘ಈ ನೀರು ಎಲ್ಲಿಂದ ಬಂತು?’ ಎಂದು ಕೇಳಿದೆ.

‘ಒಳಗಿನಿಂದ, ಸರ್.’

‘ಒಳಗಿನಿಂದಲಾ? ಲೋಟ ತೂತಾಗಿದೆಯಾ? ಗಾಳಿಯಲ್ಲಿ ಏನಿರುತ್ತದೆ ಹೇಳಿ? ನೀರಾ...?’

‘ನೀರಾವಿ!’ ಎಂದು ಇಡೀ ತರಗತಿ ಕೂಗಿತು.

ಆ ದಿನ ಪಾಠ ಚೆನ್ನಾಗಿಯೇ ನಡೆಯಿತು ಎಂದುಕೊಂಡು ಮನೆಗೆ ಹೋಗಿದ್ದೆ. ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯಿತು, ಯೋಚನೆಯನ್ನೆಲ್ಲ ನಾನೇ ಮಾಡಿದ್ದೆ. ಮಕ್ಕಳು ನನ್ನ ಪದದ ಬಾಲವನ್ನು ಪೂರ್ತಿ ಮಾಡಿದ್ದರು, ಅಷ್ಟೇ. ಪದವನ್ನು ಅರ್ಧ ನುಂಗಿ ಉಳಿದರ್ಧವನ್ನು ಸಾಮೂಹಿಕವಾಗಿ ಹೇಳಿಸುವ ಈ ಅಭ್ಯಾಸ ನಮ್ಮ ಶಾಲೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಅದನ್ನು ನಾವು ಪ್ರಶ್ನೆ ಎಂದೇ ಲೆಕ್ಕ ಹಾಕುತ್ತೇವೆ.

ಇನ್ನೊಂದು ವಿಭಾಗದಲ್ಲಿ ಅದೇ ಲೋಟ, ಅದೇ ಪ್ರಶ್ನೆ. ‘ಒಳಗಿನ ನೀರೇ ಒಸರಿದೆ ಸರ್’ ಎಂದು ಒಬ್ಬ ಹುಡುಗ ಹೇಳಿದ. ನಾನು ಸುಮ್ಮನಿದ್ದೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡೆ. ರೆಕಾರ್ಡಿಂಗ್‌ನಲ್ಲಿ ಅದು ನಾಲ್ಕು ಸೆಕೆಂಡು. ನಿಂತವನಿಗೆ ಒಂದು ಪೀರಿಯಡ್ಡಿನಷ್ಟು. ಆಮೇಲೆ ಅವನೇ ಮುಂದುವರಿಸಿದ: ‘ಆದರೆ ಬಿಸಿ ಕಾಫಿ ಹಾಕಿದಾಗ ಹೊರಗೆ ಒದ್ದೆಯಾಗುವುದಿಲ್ಲ.’ ಮತ್ತೆ ಮೌನ. ಈ ಸಲ ಅದನ್ನು ಮುರಿದವಳು ನಾನು ಕರೆಯದೇ ಇದ್ದ ಒಬ್ಬ ಹುಡುಗಿ: ‘ನೀರಿಗೆ ಕುಂಕುಮ ಕಲಸಿ ನೋಡಬಹುದು ಸರ್. ಒಸರುವುದಾದರೆ ಹೊರಗಿನ ಹನಿಯೂ ಕೆಂಪಾಗಬೇಕು.’ ಪುಸ್ತಕದ ವಿವರಣೆಯನ್ನು ನಾನಿನ್ನೂ ಹೇಳಿರಲಿಲ್ಲ. ಆದರೆ ಒಂದು ತಪ್ಪು ಊಹೆ, ಅದಕ್ಕೆ ಒಂದು ಆಕ್ಷೇಪ, ಅದನ್ನು ಪರೀಕ್ಷಿಸುವ ಒಂದು ದಾರಿ, ಮೂರೂ ಮಕ್ಕಳಿಂದಲೇ ಬಂದಿದ್ದವು.

ಮೊದಲ ವಿಭಾಗದಲ್ಲಿ ಎರಡನೆಯ ಬಿಡುವನ್ನು ಕೊಂದದ್ದು ಯಾವುದು? ಕೋಪವೂ ಅಲ್ಲ, ಗದರಿಕೆಯೂ ಅಲ್ಲ. ‘ಒಳಗಿನಿಂದಲಾ?’ ಎಂಬ ಪ್ರತಿಧ್ವನಿ. ಮಗುವಿನ ಮಾತನ್ನೇ ಹಿಂತಿರುಗಿಸಿ ಹೇಳುವ ಈ ಚಾಳಿಯನ್ನು ರೋ ಕೂಡ ಗುರುತಿಸಿದ್ದರು. ಅದನ್ನು ಕೇಳಿ ಬೆಳೆದ ಮಕ್ಕಳು ಪರಸ್ಪರರ ಮಾತಿಗೆ ಕಿವಿಗೊಡುವುದನ್ನು ಬಿಡುತ್ತಾರೆ, ಹೇಗೂ ಶಿಕ್ಷಕರು ಮತ್ತೊಮ್ಮೆ ಹೇಳುತ್ತಾರಲ್ಲ! ‘ಅಲ್ಲವೇ?’ ಎಂದು ಮುಗಿಯುವ ವಾಕ್ಯವೂ ಹೀಗೆಯೇ, ಅದು ಒಪ್ಪಿಗೆ ಕೇಳುತ್ತದೆಯೇ ಹೊರತು ಉತ್ತರವನ್ನಲ್ಲ. ತಕ್ಷಣದ ‘ಶಭಾಷ್’ ಕೂಡ ಇದೇ ಸಾಲಿಗೆ ಸೇರುತ್ತದೆ ಎಂದಾಗ ಸಹೋದ್ಯೋಗಿಗಳು ಮುಖ ಗಂಟು ಹಾಕುತ್ತಾರೆ. ಆದರೆ ಮೊದಲ ಉತ್ತರಕ್ಕೆ ಶಭಾಷ್ ಬಿದ್ದ ಮೇಲೆ ಬೇರೆ ಉತ್ತರವಿದ್ದ ಮಗು ಎತ್ತಿದ ಕೈಯನ್ನು ಇಳಿಸುವುದನ್ನು ಒಮ್ಮೆ ಗಮನಿಸಿ ನೋಡಿ. ಪ್ರೋತ್ಸಾಹಿಸಬೇಡಿ ಎನ್ನುತ್ತಿಲ್ಲ, ಚರ್ಚೆ ಮುಗಿದ ಮೇಲೆ, ಯಾವುದಕ್ಕೆ ಎಂದು ಹೆಸರಿಸಿ ಹೇಳಿದರೆ ಸಾಕು.

ಹಾಗೆಂದು ಎಲ್ಲ ಪ್ರಶ್ನೆಗೂ ಕಾಯುತ್ತ ನಿಲ್ಲಬೇಕಿಲ್ಲ. ಕರ್ನಾಟಕ ಏಕೀಕರಣವಾದ ವರ್ಷ ಯಾವುದು ಎಂದು ಕೇಳಿ ಐದು ಸೆಕೆಂಡು ಕಾದರೆ, ಗೊತ್ತಿದ್ದವರು ಚಡಪಡಿಸುತ್ತಾರೆ, ಗೊತ್ತಿಲ್ಲದವರು ಕುಗ್ಗುತ್ತಾರೆ. ನೆನಪಿನಿಂದ ಹೆಕ್ಕಿ ಹೇಳುವ ಪ್ರಶ್ನೆಗೆ ಚುರುಕು ವೇಗವೇ ಸರಿ. ಹೋಲಿಸುವ, ಕಾರಣ ಹುಡುಕುವ, ಮುಂದೇನಾಗಬಹುದು ಎಂದು ಊಹಿಸುವ ಪ್ರಶ್ನೆಗಳಿಗೆ ಮಾತ್ರ ಮೌನದಿಂದ ಲಾಭ. ಕಾದರೂ ಏನೂ ಬರದಿದ್ದರೆ ಸಾಮಾನ್ಯವಾಗಿ ದೋಷ ಪ್ರಶ್ನೆಯದ್ದು: ಅದರಲ್ಲಿ ಯೋಚಿಸಲು ಏನೂ ಇರುವುದಿಲ್ಲ, ಇಲ್ಲವೇ ಒಂದರೊಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿರುತ್ತವೆ. ಆಗ ಮೌನವನ್ನು ಎಳೆಯುವುದಕ್ಕಿಂತ, ಪಕ್ಕದವರೊಡನೆ ಅರ್ಧ ನಿಮಿಷ ಮಾತಾಡಿಕೊಳ್ಳಿ ಎಂದು ಹೇಳಿ, ಪ್ರಶ್ನೆಯನ್ನು ಚಿಕ್ಕದಾಗಿಸಿ ಮತ್ತೆ ಕೇಳುವುದು ಮೇಲು.

ಕೈ ಎತ್ತುವ ಪದ್ಧತಿಯೂ ಮೊದಲ ಬಿಡುವನ್ನು ತಿನ್ನುತ್ತದೆ. ಮುಂದಿನ ಬೆಂಚಿನ ನಾಲ್ಕು ಕೈ ಮೇಲೇಳುತ್ತಲೇ ಉಳಿದವರ ಯೋಚನೆ ನಿಲ್ಲುತ್ತದೆ, ನಮ್ಮ ತಾಳ್ಮೆಯೂ. ಇಂಗ್ಲೆಂಡಿನಲ್ಲಿ ಶಿಕ್ಷಣ ಸಂಶೋಧಕರಾದ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ಅವರ ತಂಡದೊಂದಿಗೆ ಕೆಲಸ ಮಾಡಿದ ಕೆಲವು ಶಿಕ್ಷಕರು ಇದಕ್ಕಾಗಿಯೇ ಕೈ ಎತ್ತುವುದನ್ನು ನಿಲ್ಲಿಸಿ, ಯಾರನ್ನು ಬೇಕಾದರೂ ಕೇಳಬಹುದು ಎಂಬ ನಿಯಮ ಮಾಡಿಕೊಂಡರು. ಅಲ್ಲಿ ‘ಗೊತ್ತಿಲ್ಲ’ ಎಂದರೂ ಬಿಡುಗಡೆಯಿಲ್ಲ. ಬೇರೆಯವರ ಉತ್ತರ ಕೇಳಿದ ಮೇಲೆ ಮತ್ತೆ ಅದೇ ಮಗುವಿನ ಬಳಿ ಬರುತ್ತಾರೆ.

ರೋ ಅವರ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡಿದ ಭಾಗ ಬೇರೆ. ತರಗತಿಯ ಐವರು ಜಾಣರನ್ನೂ ಐವರು ಹಿಂದುಳಿದವರನ್ನೂ ಹೆಸರಿಸುವಂತೆ ಶಿಕ್ಷಕರಿಗೆ ಹೇಳಿ, ಎರಡೂ ಗುಂಪಿಗೆ ಸಿಕ್ಕ ಸಮಯವನ್ನು ರೋ ಹೋಲಿಸಿದರು. ಜಾಣರಿಗೆ ಸುಮಾರು ಎರಡು ಸೆಕೆಂಡು ಸಿಕ್ಕಿತ್ತು, ಹೆಚ್ಚು ಸಮಯ ಬೇಕಾಗಿದ್ದವರಿಗೆ ಒಂದಕ್ಕೂ ಕಡಿಮೆ. ಇದರಲ್ಲಿ ಕೆಟ್ಟ ಉದ್ದೇಶವಿರಬೇಕೆಂದೇನಿಲ್ಲ. ತಡವರಿಸುವ ಮಗುವನ್ನು ಮುಜುಗರದಿಂದ ಪಾರು ಮಾಡುತ್ತಿದ್ದೇವೆ ಎಂದೇ ನಾವು ನಂಬಿರುತ್ತೇವೆ.

ನನ್ನ ಎರಡನೆಯ ರೆಕಾರ್ಡಿಂಗನ್ನು, ಹೆಮ್ಮೆಪಟ್ಟ ಅದೇ ಪಾಠವನ್ನು, ಮತ್ತೊಮ್ಮೆ ಕೇಳಿದೆ. ಕಾಫಿಯ ಮಾತೆತ್ತಿದ ಹುಡುಗ ಚುರುಕಿನವನು. ಅವನಿಗೆ ನಾಲ್ಕು ಸೆಕೆಂಡು ಕೊಟ್ಟಿದ್ದೆ. ಸ್ವಲ್ಪ ಹೊತ್ತಿನ ಬಳಿಕ ಬಾಗಿಲ ಬಳಿಯ ಹಿಂದಿನ ಬೆಂಚಿನ ಹುಡುಗ ‘ಗಾಳಿಯಲ್ಲಿ...’ ಎಂದು ಶುರು ಮಾಡಿದ್ದಾನೆ. ಒಂದೂವರೆ ಸೆಕೆಂಡಿಗೆ ನನ್ನ ದನಿ ಕೇಳಿಸುತ್ತದೆ: ‘ಹಾಂ, ನೀರಾವಿ. ಕುಳಿತುಕೋ.’