ಬೀಮ್ ಮುರಿಯುವ ಮೊದಲೇ ವಾಲಿದರೆ?

ಈಚೆಗೆ ಒಂದು ಪ್ಲಾಟ್‌ಫಾರ್ಮಿನ ಲೆಕ್ಕ ಪರಿಶೀಲನೆಗೆ ಬಂತು. 6 ಮೀಟರ್ ಉದ್ದದ ಐಎಸ್‌ಎಂಬಿ 300, ಅಂದರೆ 300 ಮಿಲಿಮೀಟರ್ ಎತ್ತರದ ಐ ಆಕಾರದ ಉಕ್ಕಿನ ಬೀಮ್. ಮೇಲೆ ಓಡಾಡುವ ಜಾಲರಿ, ಗ್ರೇಟಿಂಗ್, ಸುಮ್ನೆ ಕೂತಿದೆ, ಬೆಸುಗೆ ಇಲ್ಲ. ಬೀಮ್ ತಡೆಯಬೇಕಾದ, ಅದನ್ನು ಬಾಗಿಸುವ ಮೊಮೆಂಟ್ 95 ಕಿಲೋನ್ಯೂಟನ್ ಮೀಟರ್. ಡಿಸೈನರ್ ಸಾಮರ್ಥ್ಯ 148 ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದರು.

ಆ 148 ಉಕ್ಕು ಪೂರ್ತಿ ಯೀಲ್ಡ್ ಆದಾಗಿನ, ಅಂದರೆ ಮತ್ತೆ ಮೊದಲಿನಂತಾಗದ ಹಾಗೆ ಬಗ್ಗಿದಾಗಿನ ಸಂಖ್ಯೆ. ಈ ಬೀಮ್ ಅಲ್ಲಿಗೆ ತಲುಪುವುದೇ ಇಲ್ಲ. ಭಾರ ಬಿದ್ದಾಗ ಮೇಲಿನ ಅಡ್ಡ ಪಟ್ಟಿ, ಅಂದರೆ ಮೇಲಿನ ಫ್ಲೇಂಜ್, ಒತ್ತಡದಲ್ಲಿರುತ್ತದೆ, ಉದ್ದನೆಯ ತೆಳು ಕಂಬದ ಹಾಗೆ. ಅದು ಪಕ್ಕಕ್ಕೆ ಜಾರಲು ನೋಡುತ್ತದೆ. ಕೆಳಗಿನ ಫ್ಲೇಂಜ್ ಎಳೆತದಲ್ಲಿರುವುದರಿಂದ ಅಷ್ಟು ಕದಲುವುದಿಲ್ಲ. ಹಾಗಾಗಿ ಇಡೀ ಬೀಮ್ ವಾಲುತ್ತಾ ತಿರುಚಿಕೊಳ್ಳುತ್ತದೆ.

ಈ ವಾಲುವಿಕೆ ಶುರುವಾಗುವ ಕ್ರಿಟಿಕಲ್ ಮೊಮೆಂಟ್ ಇಲ್ಲಿ ಸುಮಾರು 74. ಮೊಮೆಂಟ್ ಉದ್ದಕ್ಕೂ ಒಂದೇ ಎಂದು, ಎರಡೂ ತುದಿ ತಿರುಚದಂತೆ ಹಿಡಿದಿದೆ ಎಂದು ಸುರಕ್ಷಿತವಾಗಿ ಅಂದಾಜಿಸಿದ ಲೆಕ್ಕ ಇದು. ಉಕ್ಕಿನ ರಚನೆಗಳ ಭಾರತೀಯ ಕೋಡ್ ಐಎಸ್ 800:2007ರ ಬಕ್ಲಿಂಗ್ ಕರ್ವ್ ಹಾಕಿದರೆ ಡಿಸೈನ್ ಸಾಮರ್ಥ್ಯ 56ಕ್ಕೆ ಇಳಿಯುತ್ತದೆ. ಭಾರ ಮೇಲಿನ ಫ್ಲೇಂಜ್ ಮೇಲೆ ಕೂತು, ಅದರ ಜೊತೆಗೇ ಪಕ್ಕಕ್ಕೆ ಸರಿಯುವಂತಿದ್ದರೆ ಉದ್ದವನ್ನು 1.2 ಪಟ್ಟು ಹಿಡಿಯಬೇಕು. ಆಗ 46 ಮಾತ್ರ. ಬೇಕಾದದ್ದು 95, ಅಲ್ವಾ!

ಈಗ ಬೀಮಿನ ನಡುವೆ ಅದನ್ನು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಒಂದು ಬ್ರೇಸ್ ಕೊಡೋಣ. ಹಿಡಿತವಿಲ್ಲದ ಉದ್ದ 3 ಮೀಟರ್ ಆಯಿತು. ಕ್ರಿಟಿಕಲ್ ಮೊಮೆಂಟ್ 74ರಿಂದ 193ಕ್ಕೆ ಏರುತ್ತದೆ. ಉದ್ದ ಅರ್ಧ ಆದರೂ ಅದು ನಾಲ್ಕು ಪಟ್ಟು ಆಗಲಿಲ್ಲ, ಯಾಕೆಂದರೆ ಅಡ್ಡ ಬಾಗುವಿಕೆಯ ಬಿಗಿತ ಮತ್ತು ತಿರುಚುವಾಗ ಫ್ಲೇಂಜ್‌ಗಳು ಎದುರುಬದುರು ಬಾಗುವ ವಾರ್ಪಿಂಗ್‌ನ ಬಿಗಿತ ಉದ್ದದ ವರ್ಗಕ್ಕೆ ವಿಲೋಮವಾಗಿ ಏರಿದರೂ, ಸರಳ ತಿರುಚುವಿಕೆಯ ಬಿಗಿತ ಇದ್ದ ಹಾಗೇ ಇರುತ್ತದೆ. ಡಿಸೈನ್ ಸಾಮರ್ಥ್ಯ ಸುಮಾರು 107. ಅದೇ ಬೀಮ್ ಸಾಕಾಯಿತು. 1.5 ಮೀಟರಿಗೊಂದರಂತೆ ಹಾಕಿದರೆ 136 ಆಗುತ್ತದೆ. ಮೊದಲ ಬ್ರೇಸಿನಿಂದ ಬಂದಷ್ಟು ಲಾಭ ಉಳಿದವುಗಳಿಂದ ಬರುವುದಿಲ್ಲ.

ಆ ಬ್ರೇಸ್ ಎಷ್ಟು ಬಲ ತಡೆಯಬೇಕು? ಮೊಮೆಂಟನ್ನು ಫ್ಲೇಂಜ್‌ಗಳ ನಡುವಿನ ಅಂತರ 0.288 ಮೀಟರಿನಿಂದ ಭಾಗಿಸಿದರೆ ಫ್ಲೇಂಜ್‌ನ ಬಲ ಸುಮಾರು 330 ಕಿಲೋನ್ಯೂಟನ್. ಕೋಡ್ ಕೇಳುವುದು ಅದರ ಶೇ. 2.5, ಅಂದರೆ 8ಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಸಣ್ಣ ಆಂಗಲ್ ಸಾಕು, ಬೋಲ್ಟ್ ಮತ್ತು ಬಿಗಿತ ಎರಡೂ ಸರಿಯಿದ್ದರೆ.

ಆದರೆ ತಿದ್ದಿ ಬಂದ ಡ್ರಾಯಿಂಗ್‌ನಲ್ಲಿ ಎರಡು ತಪ್ಪು ಇದ್ದವು. ಆಂಗಲ್ ಕೆಳಗಿನ ಫ್ಲೇಂಜ್‌ಗೆ ಸೇರಿತ್ತು. ಜಾರುವುದು ಮೇಲಿನದು, ಹಿಡಿದದ್ದು ಕೆಳಗಿನದು. ಎರಡನೆಯದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ: ಆಂಗಲ್ ಪಕ್ಕದ ಅಂಥದ್ದೇ ಬೀಮಿಗೆ ಹೋಗಿ ಮುಗಿದಿತ್ತು. ಹಾಗಿದ್ದರೆ ಎರಡೂ ಬೀಮ್ ಒಟ್ಟಿಗೇ ಒಂದೇ ಕಡೆಗೆ ವಾಲಬಹುದು. ಡ್ರಾಯಿಂಗ್‌ನಲ್ಲಿ ಬ್ರೇಸಿನ ಬಲವನ್ನು ಬೆರಳಿಟ್ಟು ಹಿಂಬಾಲಿಸಿ ನೋಡಿ; ಅದು ಕಂಬದಂಥ ಗಟ್ಟಿ ಜಾಗ ಮುಟ್ಟಬೇಕು. ಇಲ್ಲಿ ಆಂಗಲನ್ನು ಮೇಲಿನ ಫ್ಲೇಂಜ್‌ಗೆ ಏರಿಸಿ, ಅದೇ ಮಟ್ಟದಲ್ಲಿ ಎರಡು ಬೀಮ್‌ಗಳ ನಡುವೆ ಕರ್ಣದ ಆಂಗಲ್‌ಗಳನ್ನು ಕಂಬದವರೆಗೆ ಹಾಕಿಸಿದೆವು.