ತಾಜಾತನದ ಗುರಿ: ಡೇಟಾ ಸಿಂಕ್‌ನಲ್ಲಿ ಎಸ್‌ಎಲ್‌ಒ ಅಂದರೇನು?

ಎಸ್‌ಎಲ್‌ಒ, ಅಂದರೆ ಸರ್ವಿಸ್ ಲೆವೆಲ್ ಆಬ್ಜೆಕ್ಟಿವ್. ಒಂದು ಸೇವೆ ಎಷ್ಟು ಚೆನ್ನಾಗಿ ನಡೆಯಬೇಕು ಅಂತ ಅಳತೆ ಸಮೇತ ಗೊತ್ತುಮಾಡಿಕೊಂಡ ಗುರಿ. ತಪ್ಪಿದರೆ ದಂಡ ಅಂತ ಬರೆದುಕೊಟ್ಟ ಕರಾರು ಎಸ್‌ಎಲ್‌ಎ, ಅದು ಬೇರೆ.

ಮಂಡ್ಯ ಸುತ್ತಮುತ್ತಲಿನ 400 ಹಾಲು ಸಂಘಗಳ ಲೆಕ್ಕ ಮುಖ್ಯ ಕಚೇರಿಗೆ ಸಿಂಕ್ ಆಗುತ್ತದೆ ಅಂತಿಟ್ಟುಕೊಳ್ಳಿ. ಬೆಳಗಿನ ಹಾಲು ಎಷ್ಟು ಲೀಟರ್ ಅಂತ ನೋಡಿಕೊಂಡು 10 ಗಂಟೆಗೆ ಟ್ಯಾಂಕರ್ ಕಳಿಸುವವರು ಈ ಡೇಟಾ ಬಳಸುವವರು. ‘ಸಿಂಕ್ 99.9% ಯಶಸ್ವಿ’ ಅನ್ನುವ ವರದಿಯಿಂದ ಅವರಿಗೆ ಏನೂ ಉಪಯೋಗವಿಲ್ಲ. ಅವರಿಗೆ ಬೇಕಾದ ಗುರಿ ಹೀಗಿರಬೇಕು: ‘9.45ರ ಹೊತ್ತಿಗೆ ಕನಿಷ್ಠ 396 ಸಂಘಗಳ ಬೆಳಗಿನ ಲೆಕ್ಕ ಪರದೆ ಮೇಲೆ ಇರಬೇಕು. 30 ದಿನಗಳಲ್ಲಿ 28 ದಿನವಾದರೂ ಹೀಗಾಗಬೇಕು.’ ಉಳಿದ ಎರಡು ದಿನ ಲೈನ್ ಕೈಕೊಡಬಹುದು, ಸರ್ವರ್ ಬೀಳಬಹುದು ಅಂತ ಮೊದಲೇ ಒಪ್ಪಿಕೊಂಡ ಸಡಿಲ.

ಮಾತು ಕೊಡುವ ಮೊದಲು ಗಡಿಯಾರ ಎಲ್ಲಿಂದ ಶುರು ಅನ್ನುವುದು ತೀರ್ಮಾನವಾಗಬೇಕು. ಸಿಂಕ್ 15 ನಿಮಿಷಕ್ಕೊಮ್ಮೆ ಶುರುವಾಗಿ 6 ನಿಮಿಷ ಓಡುತ್ತದೆ ಅನ್ನಿ. ಅದು ಶುರುವಾದ ಮರುಕ್ಷಣ ಸಂಘದ ಕಾರ್ಯದರ್ಶಿ ಲೀಟರ್, ಫ್ಯಾಟ್ ನಮೂದಿಸಿದರೆ, ಆ ಸಾಲು ಮುಂದಿನ ಓಟಕ್ಕೆ ಕಾಯಬೇಕು. ಕಚೇರಿ ಮುಟ್ಟುವ ಹೊತ್ತಿಗೆ 21 ನಿಮಿಷ. ‘15 ನಿಮಿಷದಲ್ಲಿ ಬರುತ್ತೆ’ ಅಂದಿದ್ದರೆ ಎಲ್ಲ ಸರಿಯಿದ್ದ ದಿನವೂ ಮಾತು ತಪ್ಪಿದ ಹಾಗೆ. ನಾನಾದರೆ 30 ಅನ್ನುತ್ತೇನೆ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಹನ್ನೆರಡು ಸಂಘಗಳಲ್ಲಿ ನೆಟ್‌ವರ್ಕ್ ಇಲ್ಲ. ಸಿಂಕ್ ಓಡಿತು, ಸಿಕ್ಕಿದ್ದನ್ನು ತಂದಿತು, ಹಸಿರು ಗುರುತು ತೋರಿಸಿತು. ಬಂದ ಸಾಲುಗಳ ವಯಸ್ಸಿನ, ಅಂದರೆ ನಮೂದಿಸಿ ಎಷ್ಟು ಹೊತ್ತಾಯಿತು ಅನ್ನುವುದರ, ಸರಾಸರಿ ತೆಗೆದರೆ ಅದೂ ಚೆನ್ನಾಗೇ ಕಾಣುತ್ತದೆ, ಯಾಕೆಂದರೆ ಬಾರದ ಸಾಲಿಗೆ ವಯಸ್ಸೇ ಇಲ್ಲ. ಇತ್ತ ಕಚೇರಿಯಲ್ಲಿ ಹಾಲು ಇಳಿದಿದೆ ಅಂದುಕೊಂಡು ಒಂದು ಟ್ಯಾಂಕರ್ ಕಡಿಮೆ ಕಳಿಸಿಬಿಡುತ್ತಾರೆ. ಹಾಗಾಗಿ ಎಣಿಕೆ ಬಂದ ಸಾಲುಗಳಿಂದಲ್ಲ, ಬರಬೇಕಾದ 400 ಸಂಘಗಳ ಪಟ್ಟಿಯಿಂದ ಶುರುವಾಗಬೇಕು. ಹಾಲೇ ಬಾರದ ಸಂಘವೂ ‘ಸೊನ್ನೆ’ ಅಂತ ಒಂದು ಸಾಲು ಕಳಿಸಬೇಕು. ಆಗ ಮಾತ್ರ ಹಾಲಿಲ್ಲದ್ದು ಯಾವುದು, ಸುದ್ದಿ ಇಲ್ಲದ್ದು ಯಾವುದು ಅಂತ ತಿಳಿಯುತ್ತದೆ.

ತಿಂಗಳ ವರದಿ ಬಳಕೆದಾರರ ಕೆಲಸದ ಮಾತಿನಲ್ಲೇ ಇರಲಿ: ‘ಗುರಿ 28 ದಿನ, ಮುಟ್ಟಿದ್ದು 27. ತಪ್ಪಿದ್ದು 12, 13 ಮತ್ತು 21ನೇ ತಾರೀಕು. 12 ಮತ್ತು 13ರಂದು ಒಂದೇ ಮಾರ್ಗದ 14 ಸಂಘಗಳ ಲೆಕ್ಕ 11.20ಕ್ಕೆ ಬಂತು, ಅಷ್ಟರಲ್ಲಿ ಟ್ಯಾಂಕರ್ ಹೊರಟಾಗಿತ್ತು.’ ಸರ್ವರ್ ಹೆಸರು, ಎರರ್ ಕೋಡ್ ಇಲ್ಲಿ ಬೇಡ.

ಆದರೆ ತಿಂಗಳ ಕೊನೆಯ ವರದಿ ಆ ಬೆಳಿಗ್ಗೆಗೆ ಒದಗುವುದಿಲ್ಲ. ಒಟ್ಟು ಲೀಟರ್ ತೋರಿಸುವ ಜಾಗದ ಪಕ್ಕದಲ್ಲೇ ‘400ರಲ್ಲಿ 388 ಸಂಘ, 9.36ರವರೆಗೆ’ ಅಂತ ಕಾಣಿಸಿದರೆ, ಟ್ಯಾಂಕರ್ ಕಳಿಸುವವರು ಉಳಿದ ಹನ್ನೆರಡಕ್ಕೆ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಾರೆ.